ಹದಿನೇಳರ ಮಗ್ಗಿ ಮತ್ತು ಅರೆತಲೆನೋವು

ವ್ಯಾಯಾಮ ಅಂದರೆ ನನಗೆ ಹೆದರಿಕೆಯಿತ್ತು. ಸೋಮಾರಿತನಕ್ಕೆ ಹೆದರಿಕೆ ಅಂತ ಹೆಸರಿಟ್ಟುಕೊಂಡಿದ್ದೀಯ ಎಂದು ನಮ್ಮನೆಯವರು ರೇಗಿಸುತ್ತಿದ್ದರು. ಆದರೆ ಹದಿನೆಂಟನೇ ವಯಸ್ಸಿನಿಂದ ಮೈಗ್ರೇನ್ ಜೊತೆ ಸಂಸಾರ ಮಾಡಿದವಳಿಗೆ ಒಂದು ಲೆಕ್ಕ ತಾನಾಗಿ ಬಂದುಬಿಡುತ್ತದೆ: ಏನು ಮಾಡಿದರೆ ಸಂಜೆ ಹಾಸಿಗೆ ಹಿಡಿಯಬೇಕಾಗುತ್ತದೆ ಅನ್ನುವ ಲೆಕ್ಕ. ನನ್ನ ಲೆಕ್ಕದಲ್ಲಿ ಓಟ, ಹಗ್ಗ ಜಿಗಿಯುವುದು, ಮದುವೆ ಮನೆಯಲ್ಲಿ ಮೂರು ಮಹಡಿ ಹತ್ತಿಳಿಯುವುದು ಎಲ್ಲವೂ ಒಂದೇ ಪಟ್ಟಿಯಲ್ಲಿದ್ದವು. ಅದೇ ಹೊತ್ತಿಗೆ ಯಾವ ಡಾಕ್ಟರ ಹತ್ತಿರ ಹೋದರೂ ಚೀಟಿಯ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತಿತ್ತು, ದಿನಾ ವಾಕಿಂಗ್ ಮಾಡಿ. ನೋವು ತರುವುದನ್ನೇ ನೋವಿಗೆ ಮದ್ದು ಅನ್ನುತ್ತಾರಲ್ಲ, ಇವರಿಗೆ ತಲೆನೋವು ಬಂದಿದ್ದಿದ್ದರೆ ಗೊತ್ತಾಗುತ್ತಿತ್ತು ಅಂದುಕೊಂಡು ಚೀಟಿ ಮಡಚಿ ಬ್ಯಾಗಿಗೆ ಹಾಕುತ್ತಿದ್ದೆ.

ಹೋದ ವರ್ಷ ಫೆಬ್ರವರಿಯಲ್ಲಿ ಒಮ್ಮೆ ಧೈರ್ಯ ಮಾಡಿದೆ. ಬ್ರಾಂಚಿನ ಸಹೋದ್ಯೋಗಿಯೊಬ್ಬಳು ದಿನಾ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡುತ್ತಾಳೆ. ‘ಬನ್ನಿ ಮೇಡಂ, ನನ್ನ ಜೊತೆ ಎರಡೇ ದಿನ ಬನ್ನಿ, ಆಮೇಲೆ ನೀವೇ ಬಿಡಲ್ಲ’ ಅಂದಳು. ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು, ಅರ್ಧ ಲೋಟ ಕಾಫಿ ಕುಡಿದು ಹೊರಟೆ. ಗೇಟಿನಿಂದಲೇ ಅವಳು ಓಡತೊಡಗಿದಳು, ನಾನೂ ಓಡಿದೆ. ಬೇಲಿ ದಾಟಿ ಬಂದ ಕೆರೆಯ ಗಾಳಿ ಚೆನ್ನಾಗಿತ್ತು, ಹಕ್ಕಿಗಳಿದ್ದವು, ನಾನು ಏನನ್ನೂ ನೋಡಲಿಲ್ಲ. ನಾಲ್ಕೈದು ನಿಮಿಷದಲ್ಲಿ ಉಸಿರು ಕಟ್ಟಿತು, ನಿಂತೆ, ಮತ್ತೆ ಓಡಿದೆ. ಮರ್ಯಾದೆಯ ಪ್ರಶ್ನೆ. ವಾಪಸ್ ಬರುವಾಗ ಸೂರ್ಯ ನೀರಿನ ಮೇಲೆ ಬಿದ್ದು ನೇರ ಕಣ್ಣಿಗೆ ಹೊಡೆಯುತ್ತಿದ್ದ. ಆಟೋದಲ್ಲಿ ಕೂತಾಗ ಎಡಗಡೆ ಕುತ್ತಿಗೆ ಹಿಡಿದಂತಾಗಿತ್ತು. ಹತ್ತೂವರೆ ಹೊತ್ತಿಗೆ ಕೌಂಟರಿನಲ್ಲಿ ಕೂತು ಒಬ್ಬರ ಠೇವಣಿ ರಸೀದಿ ಬರೆಯುತ್ತಿದ್ದಾಗ ಎಡಗಣ್ಣಿನ ಹಿಂದೆ ಆ ಪರಿಚಿತ ಬಡಿತ ಶುರುವಾಯಿತು. ಪಕ್ಕದವರು ಊಟದ ಡಬ್ಬಿ ತೆಗೆದರು, ಸಾಸಿವೆ ಒಗ್ಗರಣೆಯ ವಾಸನೆ ಬಂತು, ನಾನು ವಾಶ್‌ರೂಮಿಗೆ ಓಡಿದೆ. ಅದು ಆ ದಿನದ ಎರಡನೇ ಓಟ.

ಎರಡನೇ ದಿನ ಹೋಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಡೈರಿ ಹೇಳಿದ್ದು

ಮಾರ್ಚಿನಲ್ಲಿ ಬೇರೆ ನರರೋಗ ತಜ್ಞರ ಹತ್ತಿರ ಹೋದೆ. ವಯಸ್ಸಾದವರು, ಮಾತಿಗಿಂತ ಪ್ರಶ್ನೆ ಜಾಸ್ತಿ. ಕೆರೆ ಏರಿಯ ಕಥೆ ಹೇಳಿ, ‘ನನಗೆ ವ್ಯಾಯಾಮ ಆಗಿಬರಲ್ಲ ಸಾರ್’ ಅಂದೆ. ಅವರು ಕೇಳಿದ್ದು ಇಷ್ಟು: ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಊಟ ಮಾಡಿದ್ರಿ? ಎಷ್ಟು ಗಂಟೆ ನಿದ್ದೆ? ಹೊರಡುವ ಮುಂಚೆ ಏನು ತಿಂದ್ರಿ? ಎಷ್ಟು ನೀರು ಕುಡಿದ್ರಿ? ಓಡುವ ಮುಂಚೆ ಎಷ್ಟು ಹೊತ್ತು ನಡೆದ್ರಿ? ಕೊನೆಗೆ, ‘ಹಿಂದಿನ ಸಂಜೆ ಆಕಳಿಕೆ ಜಾಸ್ತಿ ಇತ್ತಾ?’

ಊಟ ಎಂಟಕ್ಕೆ. ಅಂದರೆ ಹತ್ತು ಗಂಟೆ ಹೊಟ್ಟೆ ಖಾಲಿ. ದಿನಕ್ಕಿಂತ ಒಂದು ಗಂಟೆ ನಿದ್ದೆ ಕಡಿಮೆ. ನೀರು ಇಲ್ಲ, ಕಾಫಿ ಮಾತ್ರ. ನಡೆದದ್ದು ಸೊನ್ನೆ ನಿಮಿಷ. ಆಕಳಿಕೆ ನೆನಪಿರಲಿಲ್ಲ.

‘ಒಂದೇ ಬೆಳಿಗ್ಗೆ ಐದು ಕಡೆಯಿಂದ ತಲೆಗೆ ಕಲ್ಲು ಹೊಡೆದಿದ್ದೀರಲ್ಲಮ್ಮ, ಬೈಗುಳ ಮಾತ್ರ ಓಟಕ್ಕೆ’ ಅಂದರು.

ಮೈಗ್ರೇನ್ ಇರುವ ಮಿದುಳಿಗೆ ಹಠಾತ್ ಬದಲಾವಣೆ ಒಗ್ಗುವುದಿಲ್ಲ. ನಿದ್ದೆ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ; ಊಟ ತಪ್ಪಿದರೆ ಕಷ್ಟ; ಸುಮ್ಮನೆ ಕೂತಿದ್ದ ದೇಹವನ್ನು ಒಂದೇ ನಿಮಿಷದಲ್ಲಿ ಏದುಸಿರಿಗೆ ತಂದರೂ ಕಷ್ಟ. ಒಂದೊಂದನ್ನೇ ಆದರೆ ಸಹಿಸೀತು, ಎರಡು ಮೂರು ಸೇರಿದರೆ ಕಟ್ಟೆ ಒಡೆಯುತ್ತದೆ. ಆಕಳಿಕೆಯ ಪ್ರಶ್ನೆ ಇನ್ನೂ ಒಳಗಿನದು. ನೋವು ಶುರುವಾಗುವ ಕೆಲವು ಗಂಟೆ ಮೊದಲೇ, ಕೆಲವರಿಗೆ ಹಿಂದಿನ ದಿನವೇ, ದಾಳಿ ಒಳಗೊಳಗೆ ಆರಂಭವಾಗಿರುತ್ತದೆ. ಬಿಡದೆ ಬರುವ ಆಕಳಿಕೆ, ಕುತ್ತಿಗೆ ಬಿಗಿತ, ಸಿಹಿಯ ಆಸೆ, ಪದೇ ಪದೇ ಮೂತ್ರ, ಕಾರಣವಿಲ್ಲದ ಕಿರಿಕಿರಿ. ಅಂಥ ದಿನ ಓಡಿದರೆ, ಹೇಗಿದ್ದರೂ ಬರಬೇಕಿದ್ದ ನೋವು ಓಟದ ಖಾತೆಗೆ ಜಮೆಯಾಗುತ್ತದೆ. ನನ್ನ ಹದಿನೆಂಟು ಇಪ್ಪತ್ತು ವರ್ಷದ ಖಾತೆಯಲ್ಲಿ ಹೀಗೆ ತಪ್ಪಾಗಿ ಜಮೆಯಾದವು ಎಷ್ಟಿವೆಯೋ.

ದಾಳಿ ಬಾರದಂತೆ ನಾನು ಮೊದಲಿಂದ ದಿನಾ ನುಂಗುತ್ತಿದ್ದ ಪ್ರೊಪ್ರನೊಲಾಲ್ ಮಾತ್ರೆಯನ್ನು ಮುಂದುವರಿಸಿ ಅಂದರು ಡಾಕ್ಟರು. ವ್ಯಾಯಾಮ ಕೂಡಲೇ ಶುರುಮಾಡಬೇಡಿ, ಎರಡು ತಿಂಗಳು ಬರೀ ಡೈರಿ ಬರೆಯಿರಿ ಅಂದರು. ತಲೆನೋವಿದ್ದ ದಿನ, ಎಷ್ಟು ಹೊತ್ತಿಗೆ ಶುರು, ಎಷ್ಟು ಜೋರು, ಯಾವ ಮಾತ್ರೆ. ಇಷ್ಟೇ ನಾಲ್ಕು ಕಲಂ. ಹಿಂದಿನ ಲೆಕ್ಕವೇ ಇಲ್ಲದಿದ್ದರೆ ಮುಂದೆ ಕಡಿಮೆಯಾಯಿತೋ ಇಲ್ಲವೋ ಹೇಳುವುದು ಹೇಗೆ? ಬ್ಯಾಂಕಿನವಳಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಯಿತು. ಏಪ್ರಿಲ್‌ನಲ್ಲಿ 9 ದಿನ, ಮೇ ತಿಂಗಳಲ್ಲಿ 7 ದಿನ ಬಂತು.

ಮಾತ್ರೆಯ ಕಲಮಿಗೂ ಕಾರಣವಿತ್ತು. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಮೈಗ್ರೇನ್ ನೋವಿಗೆಂದೇ ಇರುವ ಟ್ರಿಪ್ಟಾನ್ ಅಥವಾ ಎರಡು ಮೂರು ಔಷಧಿ ಸೇರಿಸಿದ ಮಾತ್ರೆ 10 ದಿನ, ಹೀಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ನಡೆದರೆ ಮಾತ್ರೆಯೇ ತಲೆನೋವನ್ನು ಹುಟ್ಟುಹಾಕತೊಡಗುತ್ತದೆ. ಆ ಸ್ಥಿತಿಯಲ್ಲಿ ಮೊದಲು ಅದನ್ನು ಸರಿಮಾಡಿಕೊಳ್ಳದೆ ಎಷ್ಟು ನಡೆದರೂ ಲೆಕ್ಕ ಹತ್ತುವುದಿಲ್ಲ. ನಾನು ಅಂಚಿನಲ್ಲಿದ್ದೆ, ದಾಟಿರಲಿಲ್ಲ.

ಸ್ವೀಡನ್ನಿನ ಸೈಕಲ್

ಡಾಕ್ಟರು ಹೇಳಿದ ಒಂದು ಅಧ್ಯಯನ ನನ್ನ ಹಠವನ್ನು ಸ್ವಲ್ಪ ಸಡಿಲ ಮಾಡಿತು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ನಡೆದದ್ದು, 2011ರಲ್ಲಿ ಪ್ರಕಟವಾಗಿದೆ. ಮೈಗ್ರೇನ್ ಇರುವ 91 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಮೂರು ಸಲ 40 ನಿಮಿಷ ಒಳಾಂಗಣ ಸೈಕಲ್, ಇನ್ನೊಂದಕ್ಕೆ ಮೈ ಸಡಿಲಿಸುವ ಅಭ್ಯಾಸ, ಮೂರನೆಯದಕ್ಕೆ ದಾಳಿ ತಡೆಯಲು ಕೊಡುವ ಟೋಪಿರಮೇಟ್ ಮಾತ್ರೆ. ಮೂರು ತಿಂಗಳಾದ ಮೇಲೆ ನೋಡಿದರೆ ಮೂರೂ ಗುಂಪಿನಲ್ಲಿ ತಿಂಗಳಿಗೆ ಹೆಚ್ಚುಕಡಿಮೆ ಒಂದು ದಾಳಿ ಇಳಿದಿತ್ತು, ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮಾತ್ರೆ ತೆಗೆದುಕೊಂಡವರಲ್ಲಿ ಮೂರರಲ್ಲಿ ಒಬ್ಬರಿಗೆ ಅಡ್ಡಪರಿಣಾಮ ಆಗಿತ್ತು, ಸೈಕಲ್ಲಿನವರಿಗೆ ಇಲ್ಲ.

ತಿಂಗಳಿಗೆ ಬರೀ ಒಂದಾ, ಅಂತ ನನಗೂ ಅನ್ನಿಸಿತು. ಆದರೆ ನನಗೆ ಒಂದು ದಾಳಿ ಅಂದರೆ ಒಂದೂವರೆ ದಿನ, ಒಂದು ರಜೆ, ಮಗಳ ಮೇಲೆ ಎರಡು ಸಲ ಕೂಗಾಟ. ವರ್ಷಕ್ಕೆ ಅಂಥವು ಹನ್ನೆರಡು ಕಡಿಮೆಯಾದರೆ ಬೇಡ ಅನ್ನಲು ನಾನು ಯಾರು.

ನಾನು ನಿಜವಾಗಿ ಹಿಡಿದುಕೊಂಡದ್ದು ಆ ನಲವತ್ತು ನಿಮಿಷದ ಒಳಲೆಕ್ಕವನ್ನು. ಮೊದಲ 15 ನಿಮಿಷ ಬರೀ ಮೈ ಕಾಯಿಸುವುದು. ನಡುವೆ 20 ನಿಮಿಷ ಶ್ರಮ. ಕೊನೆಗೆ 5 ನಿಮಿಷ ಇಳಿಸುವುದು. ಇಡೀ ಹೊತ್ತಿನ ಅರ್ಧ ಮಾತ್ರ ವ್ಯಾಯಾಮ, ಉಳಿದರ್ಧ ಹತ್ತಲು ಮತ್ತು ಇಳಿಯಲು. ಶ್ರಮವನ್ನು ಅಳೆಯಲು ಬೋರ್ಗ್ ಅಳತೆಪಟ್ಟಿ ಬಳಸಿದ್ದರು. 6ರಿಂದ 20ರವರೆಗೆ ಅಂಕಿಗಳು, 6 ಅಂದರೆ ಸುಮ್ಮನೆ ಕೂತಂತೆ, 20 ಅಂದರೆ ಇನ್ನು ಆಗದು. ಮೈ ಕಾಯಿಸುವಾಗ 11ರಿಂದ 13, ಅಂದರೆ ಹಗುರದಿಂದ ತುಸು ಕಷ್ಟದವರೆಗೆ. ನಡುವಿನಲ್ಲಿ 14ರಿಂದ 16. ನಾನು ಕೆರೆ ಏರಿಯ ಮೇಲೆ ಗೇಟಿನಿಂದಲೇ ಬಹುಶಃ 18ಕ್ಕೆ ಹಾರಿದ್ದೆ.

ಹದಿನೈದು ನಿಮಿಷ, ಅದರಲ್ಲಿ ಐದೇ ಬಿರುಸು

ಜೂನ್ ಎರಡನೇ ವಾರ ಮತ್ತೆ ಶುರುಮಾಡಿದೆ. ಸೋಮವಾರ, ಬುಧವಾರ, ಶನಿವಾರ. ಕೆರೆಗೆ ಹೋಗಲಿಲ್ಲ, ಮನೆ ಮುಂದಿನ ಮರಗಳಿರುವ ಅಡ್ಡರಸ್ತೆಯಲ್ಲೇ. ಆರಕ್ಕೆ ಎದ್ದು ಒಂದು ಬಾಳೆಹಣ್ಣು, ಒಂದು ದೊಡ್ಡ ಲೋಟ ನೀರು, ಆಮೇಲೆ ಕಾಫಿ. ಕಾಫಿ ಬಿಡಲಿಲ್ಲ, ಯಾಕೆಂದರೆ ದಿನಾ ಕುಡಿಯುವ ಕಾಫಿ ತಪ್ಪಿದರೂ ನನ್ನ ತಲೆ ಸುಮ್ಮನಿರುವುದಿಲ್ಲ. ಆರೂಮುಕ್ಕಾಲಿಗೆ ಹೊರಗೆ. ಬಿಸಿಲು ಏರುವ ಮುಂಚೆ ಮುಗಿಯಬೇಕು, ಪೂರ್ವಕ್ಕೆ ಮುಖ ಮಾಡುವ ಕಡೆ ಅಂಚಿರುವ ಟೋಪಿ.

ಐದು ನಿಮಿಷ ತರಕಾರಿ ತರಲು ಹೋದ ಹಾಗೆ, ಐದು ನಿಮಿಷ ಬಸ್ಸು ತಪ್ಪೀತು ಅನ್ನುವ ಹಾಗೆ, ಮತ್ತೆ ಐದು ನಿಮಿಷ ತರಕಾರಿ ಹೊತ್ತು ಬರುವ ಹಾಗೆ. ಎರಡು ವಾರ ಇಷ್ಟೇ. ನಾಚಿಕೆಯಾಗುತ್ತಿತ್ತು. ಎದುರುಮನೆಯ ಅಜ್ಜಿ, ‘ಇಷ್ಟು ಬೇಗ ಮುಗೀತಾ ನಿನ್ನ ವಾಕಿಂಗು?’ ಅಂತ ಒಂದು ದಿನ ಕೇಳಿಯೇಬಿಟ್ಟರು. ಆದರೆ ಈ ಎರಡು ವಾರದ ಉದ್ದೇಶ ದಮ್ಮು ಬೆಳೆಸುವುದಲ್ಲ. ವಾರಕ್ಕೆ ಮೂರು ಸಲ ಹೃದಯದ ಬಡಿತ ಏರಿ ಇಳಿಯುತ್ತದೆ, ಆದರೂ ಏನೂ ಆಗುವುದಿಲ್ಲ ಅನ್ನುವುದನ್ನು ತಲೆಗೆ ರೂಢಿ ಮಾಡಿಸುವುದು. ನನ್ನ ಹೆದರಿಕೆಗೂ ಅದೇ ಮದ್ದು.

ಮೂರನೇ ವಾರದಿಂದ ನಡುವಿನ ಬಿರುಸಿಗೆ ವಾರಕ್ಕೆ ಎರಡು ಮೂರು ನಿಮಿಷ ಸೇರಿಸುತ್ತ ಹೋಗಬೇಕಿತ್ತು. ಸೇರಿಸುವುದು ಹೊತ್ತನ್ನು ಮಾತ್ರ, ವೇಗವನ್ನಲ್ಲ. ಎರಡನ್ನೂ ಒಂದೇ ವಾರದಲ್ಲಿ ಹೆಚ್ಚಿಸಿದರೆ, ಕೆಟ್ಟಾಗ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಆರಂಭದ ನಿಧಾನ ನಡಿಗೆಯೂ ಜೊತೆಜೊತೆಗೆ ಐದರಿಂದ ಹತ್ತಕ್ಕೆ, ಹತ್ತರಿಂದ ಹದಿನೈದಕ್ಕೆ ಬೆಳೆಯಬೇಕು.

ವೇಗ ಎಷ್ಟು ಅನ್ನುವುದಕ್ಕೆ ಮನೆಯವರು ಒಂದು ಕೈಗಡಿಯಾರ ತಂದುಕೊಟ್ಟರು, ನಾಡಿಮಿಡಿತ ತೋರಿಸುವಂಥದ್ದು. ಅದು ನನಗೆ ಉಪಯೋಗಕ್ಕೆ ಬರಲಿಲ್ಲ. ಪ್ರೊಪ್ರನೊಲಾಲ್ ಹೃದಯ ಬಡಿತವನ್ನೇ ಹಿಡಿದಿಡುತ್ತದೆ. ಏದುಸಿರು ಬಂದರೂ ಗಡಿಯಾರ ‘ನೀನಿನ್ನೂ ಆರಾಮಾಗಿದ್ದೀಯ’ ಅನ್ನುತ್ತಿತ್ತು. ಅದನ್ನು ನಂಬಿ ಅಂಕಿ ಏರಿಸಲು ಹೋದರೆ ಅತಿಯಾಗುತ್ತದೆ. ಹಾಗಾಗಿ ಹಳೆಯ ವಿಧಾನವೇ ಆಯಿತು: ಮಾತಾಡಲು ಬರಬೇಕು, ಹಾಡಲು ಬರಬಾರದು. ಒಬ್ಬಳೇ ನಡೆಯುವಾಗ ಯಾರ ಹತ್ತಿರ ಮಾತಾಡುವುದು? ಮಗ್ಗಿ ಹೇಳತೊಡಗಿದೆ, ಹದಿನೇಳರದ್ದು. ‘ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು’ ಇದು ಒಂದೇ ಉಸಿರಿಗೆ ಬಂದರೆ ವೇಗ ಸರಿ. ‘ಹದಿನೇಳು’ ಆದಮೇಲೆ ಉಸಿರೆಳೆದುಕೊಳ್ಳಬೇಕಾದರೆ ಜಾಸ್ತಿ. ಹತ್ತರವರೆಗೆ ರಾಗವಾಗಿ ಹೇಳಬಲ್ಲೆನಾದರೆ ನಾನು ಇನ್ನೂ ತರಕಾರಿ ಅಂಗಡಿಗೆ ಹೋಗುತ್ತಿದ್ದೇನೆ ಅಂತ. (ಟೋಪಿರಮೇಟ್ ತೆಗೆದುಕೊಳ್ಳುವವರಿಗೆ ಬೇರೆ ಎಚ್ಚರ ಬೇಕು. ಕೆಲವರಿಗೆ ಅದು ಬೆವರನ್ನು ಕಡಿಮೆ ಮಾಡುತ್ತದೆ, ಸೆಕೆಯಲ್ಲಿ ಮೈ ಕಾದುಬಿಡುತ್ತದೆ. ಬೆವರಿಲ್ಲದೆ ಮುಖ ಕೆಂಪಾಗಿ ಬಿಸಿಯಾದರೆ ನಿಲ್ಲಿಸಿ ನೆರಳಿಗೆ ಹೋಗಬೇಕು.)

ನಡೆಯದ ದಿನಗಳಿಗೂ ನಿಯಮ ಇತ್ತು. ಆಕಳಿಕೆ, ಕುತ್ತಿಗೆ ಬಿಗಿತ ಕಂಡ ಬೆಳಿಗ್ಗೆ ಬಿರುಸು ರದ್ದು, ಬೇಕಾದರೆ ತರಕಾರಿ ನಡಿಗೆ ಮಾತ್ರ. ನೋವು ಶುರುವಾದ ಮೇಲೆ ಅದೂ ಇಲ್ಲ. ಮೆಟ್ಟಿಲು ಹತ್ತಿದರೆ ನೋವು ಹೆಚ್ಚಾಗುವುದು ಮೈಗ್ರೇನಿನ ಗುರುತುಗಳಲ್ಲೇ ಒಂದು. ನೋವು ಬಿಟ್ಟ ಮರುದಿನ ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿಯಾಗಿರುತ್ತದಲ್ಲ, ಆ ದಿನವೂ ರಜೆ. ವಾರಪೂರ್ತಿ ತಪ್ಪಿದರೆ ಬಿಟ್ಟಲ್ಲಿಂದ ಹಿಡಿಯುವಂತಿಲ್ಲ, ಎರಡು ವಾರ ಹಿಂದಿನ ನಿಮಿಷಗಳಿಗೆ ಇಳಿಯಬೇಕು. ನಡೆಯುವ ಮುಂಚೆ ‘ಯಾವುದಕ್ಕೂ ಇರಲಿ’ ಅಂತ ಒಂದು ನೋವಿನ ಮಾತ್ರೆ ನುಂಗಿ ಹೊರಡುವ ಆಸೆ ನನಗೆ ಬಹಳ ಇತ್ತು. ವಾರಕ್ಕೆ ಮೂರು ಅಂದರೆ ತಿಂಗಳಿಗೆ ಹನ್ನೆರಡು ಹದಿಮೂರು ದಿನ. ಟ್ರಿಪ್ಟಾನ್ ಅಥವಾ ಔಷಧಿ ಸೇರಿಸಿದ ಮಾತ್ರೆಯಾದರೆ ಹತ್ತರ ಗೆರೆ ಅಲ್ಲಿಯೇ ದಾಟುತ್ತದೆ, ಸಾದಾ ಮಾತ್ರೆಯಾದರೂ ಹದಿನೈದರ ಗೆರೆ ಹತ್ತಿರ ಬರುತ್ತದೆ. ಅದನ್ನು ಡಾಕ್ಟರು ಬೇಡವೇ ಬೇಡ ಅಂದಿದ್ದರು.

ಆಷಾಢದ ಶುಕ್ರವಾರ

ಮೂರು ವಾರ ಚೆನ್ನಾಗಿ ನಡೆಯಿತು. ಆಗಲೇ ತಲೆ ತಿರುಗಿತು, ನೋವಿನಿಂದಲ್ಲ, ಜಂಬದಿಂದ. ಆಷಾಢದ ಶುಕ್ರವಾರ ಅತ್ತೆಯ ಕಡೆಯವರೆಲ್ಲ ಚಾಮುಂಡಿ ಬೆಟ್ಟ ಮೆಟ್ಟಿಲು ಹತ್ತಿಯೇ ಹೋಗುವುದು ವಾಡಿಕೆ. ಇಷ್ಟು ವರ್ಷ ನಾನು ಬಸ್ಸಿನಲ್ಲಿ ಹೋಗಿ ಮೇಲೆ ಕಾಯುತ್ತಿದ್ದವಳು. ‘ಈ ಸಲ ನಾನೂ ಹತ್ತುತ್ತೇನೆ’ ಅಂದೆ. ದರ್ಶನವಾಗುವವರೆಗೆ ಉಪವಾಸ. ನಾಲ್ಕೂವರೆಗೆ ತಲೆಗೆ ಸ್ನಾನ, ಒದ್ದೆ ಕೂದಲಲ್ಲೇ ಹೊರಟೆವು. ಪಾದದಿಂದಲೇ ಮೆಟ್ಟಿಲು, ಹಿಂದಿನಿಂದ ಜನ ನೂಕುತ್ತಾರೆ, ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಬಗ್ಗಿ ಏಳುವ ಹೆಂಗಸರು ಮುಂದೆ. ನಂದಿಯ ಹತ್ತಿರ ಬರುವಷ್ಟರಲ್ಲಿ ಕಿವಿಯಲ್ಲಿ ನನ್ನದೇ ಎದೆ ಬಡಿಯುವುದು ಕೇಳಿಸುತ್ತಿತ್ತು. ಮಗ್ಗಿಯ ಮಾತು ಬಿಡಿ, ‘ನೀರು’ ಅನ್ನಲೂ ಆಗಲಿಲ್ಲ. ಆಮೇಲೆ ಎರಡು ಗಂಟೆ ಸಾಲಿನಲ್ಲಿ, ಕರ್ಪೂರದ ಹೊಗೆಯ ನಡುವೆ.

ನೋವು ಮಧ್ಯಾಹ್ನ ಮೂರಕ್ಕೆ ಬಂತು, ಭಾನುವಾರ ಬೆಳಿಗ್ಗೆವರೆಗೆ ಇತ್ತು. ಹಾಸಿಗೆಯಲ್ಲಿ ಮಲಗಿ ನಾನು ತೀರ್ಮಾನಿಸಿದ್ದೆ, ಮುಗಿಯಿತು, ಈ ದೇಹಕ್ಕೆ ವ್ಯಾಯಾಮ ಒಗ್ಗದು. ಡೈರಿ ತೆಗೆದದ್ದು ಬರೀ ನೋವಿನ ಹೊತ್ತು ಬರೆಯಲು. ಆದರೆ ಹಿಂದಿನ ಪುಟದಲ್ಲಿ ಒಂಬತ್ತು ನಡಿಗೆಗಳಿದ್ದವು. ಅದರಲ್ಲಿ ಎಂಟರ ಮುಂದೆ ಮರುದಿನದವರೆಗೂ ಏನೂ ಇರಲಿಲ್ಲ. ಒಂಬತ್ತನೆಯ ಸಂಜೆ ಒಂದು ಸಣ್ಣ ನೋವು, ಅದರ ಪಕ್ಕದಲ್ಲಿ ನನ್ನದೇ ಅಕ್ಷರ: ‘ಮುಟ್ಟು ನಾಳೆ’. ಬೆಟ್ಟದ ದಿನ ಕೆಟ್ಟದ್ದು ಏನೇನು ಅಂತ ಬರೆದೆ. ಖಾಲಿ ಹೊಟ್ಟೆ, ನಿದ್ದೆಗೇಡು, ನೀರಿಲ್ಲ, ಮೈ ಕಾಯಿಸಲಿಲ್ಲ, ಹೊಗೆ, ಮೇಲೆ ಏರು ಮೆಟ್ಟಿಲು. ಫೆಬ್ರವರಿಯ ಕೆರೆ ಏರಿಯ ಪಟ್ಟಿಯೇ ಅದು, ಇನ್ನೊಂದು ಸಲ.

ಮುಂದಿನ ಬುಧವಾರ ಮತ್ತೆ ಐದು, ಐದು, ಐದಕ್ಕೆ ಇಳಿದು ಹೊರಟೆ.

ಎಷ್ಟು ಸಲ ಕಾಕತಾಳೀಯ?

ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ನನಗೆ 11 ದಾಳಿಗಳಾದವು. ಅದರಲ್ಲಿ ನಾಲ್ಕು, ನಡೆದ ದಿನವೇ ಬಂದವು. ‘ನೋಡಿ, ನಾಲ್ಕು ಸಲ!’ ಅಂತ ಡಾಕ್ಟರಿಗೆ ತೋರಿಸಿದೆ. ಅವರು ನನ್ನನ್ನೇ ನೋಡಿದರು. ‘ನೀವು ವಾರಕ್ಕೆ ಎಷ್ಟು ದಿನ ನಡೀತೀರಿ?’ ಮೂರು. ‘ಹಾಗಾದ್ರೆ ಏನೂ ಸಂಬಂಧ ಇಲ್ಲದಿದ್ರೂ ಹನ್ನೊಂದರಲ್ಲಿ ಎಷ್ಟು ಆ ದಿನಗಳಲ್ಲಿ ಬೀಳಬೇಕು?’ ಏಳರಲ್ಲಿ ಮೂರು ಪಾಲು. ಹನ್ನೊಂದಕ್ಕೆ ಸುಮಾರು ಐದು. ನನಗೆ ನಾಲ್ಕೇ ಬಂದಿದ್ದವು. ಬಡ್ಡಿ ಲೆಕ್ಕ ಹಾಕುವವಳಿಗೆ ಇದು ಹೊಳೆಯಲಿಲ್ಲವಲ್ಲ ಅನ್ನುವ ಅವಮಾನ ಇನ್ನೂ ಇದೆ.

ವ್ಯಾಯಾಮವೇ ದಾಳಿ ತರುವವರು ಇಲ್ಲವೆಂದಲ್ಲ, ಇದ್ದಾರೆ. ಅವರ ಡೈರಿ ಬೇರೆ ಥರ ಕಾಣುತ್ತದೆ: ಹೊಟ್ಟೆಗೆ ತಿಂದು, ಮೈ ಕಾಯಿಸಿ, ಮಗ್ಗಿಯ ವೇಗದಲ್ಲೇ ನಡೆದರೂ ಒಂದೆರಡು ಗಂಟೆಯೊಳಗೆ ನೋವು, ಅದೂ ಮತ್ತೆ ಮತ್ತೆ. ಅಂಥವರು ಬಿರುಸಿನ ನಿಮಿಷ ಅರ್ಧ ಮಾಡಿ, ಒಳಾಂಗಣ ಸೈಕಲ್ಲಿನಂಥ ತಲೆ ಕುಲುಕದ ವ್ಯಾಯಾಮಕ್ಕೆ ಬದಲಾಯಿಸಿ ನೋಡಬಹುದು. ಆಗಲೂ ಬಂದರೆ ಡಾಕ್ಟರಿಗೆ ಹೇಳಬೇಕು. ಇನ್ನು ಕೆಲವು ತಲೆನೋವಿಗೆ ಡೈರಿಯೂ ಬೇಡ, ನೇರ ಆಸ್ಪತ್ರೆ. ಶ್ರಮದ ನಡುವೆ ಸಿಡಿಲು ಹೊಡೆದಂತೆ ಒಂದು ನಿಮಿಷದೊಳಗೆ ತುತ್ತತುದಿಗೆ ಹೋಗುವ ನೋವು, ಎಚ್ಚರ ತಪ್ಪುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಹಿಂದೆಂದೂ ಇಲ್ಲದಂಥ ಕುತ್ತಿಗೆ ನೋವಿನ ಜೊತೆ ಬರುವ ತಲೆನೋವು, ನಡೆದಾಗ ಎದೆ ಹಿಡಿಯುವುದು. ಮೊದಲೇ ಮೈಗ್ರೇನ್ ಇದೆಯಲ್ಲ, ಅದೇ ಇರಬೇಕು ಅಂತ ಮಲಗುವಂತಿಲ್ಲ. ನಡುವಯಸ್ಸು ದಾಟಿದವರಿಗೆ ಶ್ರಮಪಟ್ಟಾಗಲೆಲ್ಲ ಹೊಸದಾಗಿ ತಲೆನೋವು ಬಂದು, ಕೂತರೆ ಹೋಗುತ್ತಿದ್ದರೆ, ಹೃದಯವನ್ನೂ ನೋಡಿಸಬೇಕು.

ನನ್ನ ತಿಂಗಳುಗಳು ಹೀಗೆ ಹೋದವು: ಜೂನ್ 8 ದಿನ, ಜುಲೈ 9, ಆಗಸ್ಟ್ 6, ಸೆಪ್ಟೆಂಬರ್ 4, ಅಕ್ಟೋಬರ್ 6. ಜುಲೈಯಲ್ಲಿ ನಿಲ್ಲಿಸಿದ್ದರೆ ‘ಹೆಚ್ಚಾಯಿತು’ ಅಂತಲೇ ನಂಬಿರುತ್ತಿದ್ದೆ. ಏನೂ ಮಾಡದಿದ್ದಾಗಲೂ 9, 7 ಅಂತ ಏರಿಳಿಯುವ ಅಂಕಿಯನ್ನು ಒಂದು ತಿಂಗಳಲ್ಲಿ ಅಳೆಯಲಾಗುವುದಿಲ್ಲ, ಮೂರು ತಿಂಗಳಾದರೂ ಬೇಕು. ಅಕ್ಟೋಬರಿನಲ್ಲಿ ದಸರೆಗೆ ಮನೆ ತುಂಬ ನೆಂಟರು, ನಡಿಗೆ ಎಂಟು ದಿನ ತಪ್ಪಿತು, ನಿದ್ದೆಯೂ ತಪ್ಪಿತು. ಆ 6 ಯಾವುದರ ಪಾಲು ಅಂತ ಬಿಡಿಸುವ ಹುಚ್ಚಿಗೆ ನಾನು ಹೋಗಲಿಲ್ಲ. ಈಗ ನನ್ನ ನಡಿಗೆ ಹದಿನೈದು ನಿಧಾನ, ಇಪ್ಪತ್ತು ಬಿರುಸು, ಐದು ನಿಧಾನ. ಅಲ್ಲಿಗೆ ಮುಟ್ಟಲು ಸೆಪ್ಟೆಂಬರ್ ಕೊನೆಯಾಯಿತು. ಓಡುವುದಿಲ್ಲ. ಪ್ರೊಪ್ರನೊಲಾಲ್ ಇನ್ನೂ ಇದೆ, ಅದನ್ನು ಥಟ್ಟನೆ ಬಿಡುವಂತಿಲ್ಲ. ಇಳಿಸುವುದಿದ್ದರೆ ಡಾಕ್ಟರೇ ಇಳಿಸಬೇಕು.

ಈ ಸಲದ ಆಷಾಢಕ್ಕೂ ಬೆಟ್ಟಕ್ಕೆ ಹೋದೆವು. ಉಪವಾಸದ ವಿಷಯಕ್ಕೆ ಅತ್ತೆಯ ಹತ್ತಿರ ಹಿಂದಿನ ವಾರವೇ ಮಾತಾಡಿದ್ದೆ. ಅವರು ಮುಖ ಊದಿಸಿಕೊಂಡು, ಕೊನೆಗೆ ‘ತಾಯಿಗೆ ನಿನ್ನ ಹೊಟ್ಟೆ ಕಟ್ಟಿಕೊಂಡು ಏನಾಗಬೇಕು, ತಿಂದುಕೊಂಡು ಬಾ’ ಅಂದರು. ಐದಕ್ಕೆ ಒಂದು ಬಟ್ಟಲು ಮೊಸರವಲಕ್ಕಿ ತಿಂದೆ. ಪಾದದ ಹತ್ತಿರದ ರಸ್ತೆಯಲ್ಲಿ ಹತ್ತು ನಿಮಿಷ ಸುಮ್ಮನೆ ಅತ್ತಿಂದಿತ್ತ ನಡೆದೆ, ಮೈದುನನ ಮಕ್ಕಳು ನಕ್ಕವು. ಮೆಟ್ಟಿಲ ಬದಿಗೆ ಸರಿದು ಹತ್ತಿದೆ, ಮಗ್ಗಿ ಕಟ್ಟಿದಲ್ಲೆಲ್ಲ ನಿಂತೆ. ನಂದಿಯವರೆಗೆ ಹನ್ನೊಂದು ಸಲ ನಿಂತೆ ಅಂತ ಮಗಳು ಎಣಿಸಿ ಹೇಳಿದಳು. ಅಲ್ಲಿಂದ ಮೇಲಿನ ಮೆಟ್ಟಿಲುಗಳನ್ನು ಉಳಿದವರಿಗೆ ಬಿಟ್ಟು, ನಾನು ನಂದಿಗೆ ಕೈಮುಗಿದು, ನೆರಳಿನಲ್ಲಿ ಕೂತು ಬಾಟಲಿಯ ನೀರು ಕುಡಿದೆ.